ಹನ್ನೆರಡಕ್ಕೆ ಸೋತ ಹದಿನಾಲ್ಕು

1966ರ ಜನವರಿಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದ 'ಜರ್ನಲ್ ಆಫ್ ಬಿಸಿನೆಸ್' ಪತ್ರಿಕೆಯಲ್ಲಿ ಒಂದು ಪಟ್ಟಿ ಅಚ್ಚಾಯಿತು. ಅಮೆರಿಕದ 34 ಮ್ಯೂಚುವಲ್ ಫಂಡ್‌ಗಳು 1954ರಿಂದ 1963ರವರೆಗಿನ ಹತ್ತು ವರ್ಷಗಳಲ್ಲಿ ಹೇಗೆ ದುಡಿದವು ಎಂಬ ಲೆಕ್ಕ ಅದು. ಅದರಲ್ಲಿ ಎರಡು ಹೆಸರುಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡರೆ ಸಾಕು. ಇನ್‌ಕಾರ್ಪೊರೇಟೆಡ್ ಇನ್ವೆಸ್ಟರ್ಸ್ ಎಂಬ ಫಂಡ್ ವರ್ಷಕ್ಕೆ ಸರಾಸರಿ ಶೇ 14ರಷ್ಟು ಗಳಿಸಿತ್ತು. ಬೋಸ್ಟನ್ ಫಂಡ್ ಗಳಿಸಿದ್ದು ಶೇ 12.4. ಯಾರನ್ನೇ ಕೇಳಿದರೂ ಮೊದಲನೆಯದೇ ಮೇಲು ಅನ್ನುತ್ತಾರೆ. ಲೇಖನ ಬರೆದಾತ ಮಾತ್ರ ಬೋಸ್ಟನ್ ಫಂಡನ್ನು 34ರಲ್ಲಿ ಮೊದಲನೆಯ ಸ್ಥಾನದಲ್ಲೂ ಇನ್‌ಕಾರ್ಪೊರೇಟೆಡ್ ಇನ್ವೆಸ್ಟರ್ಸನ್ನು ಕಟ್ಟಕಡೆಯ ಸ್ಥಾನದಲ್ಲೂ ಕೂರಿಸಿದ್ದರು.

ಬರೆದವರು ವಿಲಿಯಂ ಶಾರ್ಪ್. ಆಗ ಅವರು ಸಿಯಾಟಲ್‌ನಲ್ಲಿ, ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ, ಮೂವತ್ತೊಂದರ ಹರೆಯದ ಅರ್ಥಶಾಸ್ತ್ರಜ್ಞ. ಇಪ್ಪತ್ನಾಲ್ಕು ವರ್ಷಗಳ ನಂತರ, 1990ರಲ್ಲಿ, ಹ್ಯಾರಿ ಮಾರ್ಕೊವಿಟ್ಜ್ ಮತ್ತು ಮರ್ಟನ್ ಮಿಲ್ಲರ್ ಜೊತೆ ನೊಬೆಲ್ ಹಂಚಿಕೊಂಡರು. ಇವತ್ತು ನಮ್ಮ ಮ್ಯೂಚುವಲ್ ಫಂಡ್ ಕಂಪನಿಗಳು ತಿಂಗಳು ತಿಂಗಳು ಹೊರಡಿಸುವ ಫ್ಯಾಕ್ಟ್‌ಶೀಟ್‌ನಲ್ಲಿ 'ಶಾರ್ಪ್ ರೇಶಿಯೋ' ಎಂಬ ಒಂದು ಪುಟ್ಟ ಸಂಖ್ಯೆ ಇರುತ್ತದಲ್ಲ, ಅದರ ಬೇರು ಈ ಪಟ್ಟಿಯಲ್ಲಿದೆ. ಹೆಸರನ್ನು ಅವರೇ ಇಟ್ಟುಕೊಂಡದ್ದಲ್ಲ. ಏರಿಳಿತಕ್ಕೆ ಪ್ರತಿಯಾಗಿ ಸಿಕ್ಕ ಪ್ರತಿಫಲ ಎಂಬ ಅರ್ಥದ ಉದ್ದನೆಯ ಹೆಸರೊಂದನ್ನು ಅವರು ಕೊಟ್ಟಿದ್ದರು. ಜನ ಅದನ್ನು ಬಿಟ್ಟು ಅವರ ಹೆಸರನ್ನೇ ಅಂಟಿಸಿದರು.

ಬೋಸ್ಟನ್ ಫಂಡ್ ಗೆದ್ದದ್ದು ಪಟ್ಟಿಯ ಇನ್ನೊಂದು ಕಾಲಂನಿಂದ. ಅಲ್ಲಿ ಪ್ರತಿ ಫಂಡಿನ ವಾರ್ಷಿಕ ಗಳಿಕೆ ತನ್ನ ಸರಾಸರಿಯಿಂದ ಎಷ್ಟು ಆಚೀಚೆ ಹೊಯ್ದಾಡಿತು ಎಂಬ ಅಳತೆ ಇತ್ತು. ಬೋಸ್ಟನ್‌ನದು 12.1. ಇನ್‌ಕಾರ್ಪೊರೇಟೆಡ್ ಇನ್ವೆಸ್ಟರ್ಸ್‌ನದು 25.5, ಎಂದರೆ ಎರಡು ಪಟ್ಟಿಗೂ ಮೇಲೆ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೇರಿಗೆ ಹಾಲು ಹಾಕುವವರ ಕೈಗೆ ಬರುವುದು ಸಣ್ಣ ಹಣ, ಆದರೆ ಹದಿನೈದು ದಿನಕ್ಕೊಮ್ಮೆ ಇಷ್ಟು ಎಂಬ ಅಂದಾಜು ಇರುತ್ತದೆ. ಟೊಮೆಟೊ ಹಾಕಿದವರಿಗೆ ಒಂದು ವರ್ಷ ಲಕ್ಷಗಟ್ಟಲೆ, ಇನ್ನೊಂದು ವರ್ಷ ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿಯುವ ಗತಿ. ಹತ್ತು ವರ್ಷದ ಸರಾಸರಿ ತೆಗೆದರೆ ಟೊಮೆಟೊ ಮೇಲಿರಬಹುದು. ಮಗಳ ಮದುವೆ ಯಾವ ವರ್ಷ ಬಿತ್ತು ಎಂಬುದನ್ನು ಸರಾಸರಿ ಹೇಳುವುದಿಲ್ಲ.

ಆ ಹೊಯ್ದಾಟವನ್ನು ಒಂದೇ ಸಂಖ್ಯೆಗೆ ಇಳಿಸುವ ಸಾಧನವೇ ಶಾಲೆಯ ಗಣಿತದಲ್ಲಿ ಬರುವ ಮಾನಕ ವಿಚಲನೆ; ಫ್ಯಾಕ್ಟ್‌ಶೀಟ್‌ನ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್. ಕಾಗದ ಪೆನ್ಸಿಲ್ ಹಿಡಿದು ಒಮ್ಮೆ ಮಾಡಿ ನೋಡಿದರೆ ಹೆದರಿಕೆ ಹೋಗುತ್ತದೆ. ಲೆಕ್ಕಕ್ಕೆಂದು ಒಂದು ಫಂಡನ್ನು ಕಲ್ಪಿಸಿಕೊಳ್ಳಿ: ಐದು ವರ್ಷ ಅದರ ಗಳಿಕೆ ಶೇ 24, 4, 8, 16, 8. ಒಟ್ಟು 60, ಸರಾಸರಿ 12. ಪ್ರತಿ ವರ್ಷದ ಗಳಿಕೆ ಈ 12ರಿಂದ ಎಷ್ಟು ದೂರ? ಮೊದಲ ವರ್ಷ 12 ಹೆಚ್ಚು, ಎರಡನೆಯದು 8 ಕಡಿಮೆ, ಆಮೇಲೆ 4 ಕಡಿಮೆ, 4 ಹೆಚ್ಚು, 4 ಕಡಿಮೆ. ಹೀಗೇ ಕೂಡಿದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ತಿಂದು ಸೊನ್ನೆಯಾಗುತ್ತವೆ, ಅದಕ್ಕೇ ಪ್ರತಿಯೊಂದನ್ನೂ ವರ್ಗ ಮಾಡಬೇಕು: 144, 64, 16, 16, 16. ಮೊತ್ತ 256. ಅದನ್ನು ವರ್ಷಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 4ರಿಂದ ಭಾಗಿಸಿದರೆ 64. ವರ್ಗಮೂಲ 8. ಈ ಫಂಡಿನ ವರ್ಷ ಸಾಮಾನ್ಯವಾಗಿ 12ರಿಂದ 8ರಷ್ಟು ಮೇಲೆ ಕೆಳಗೆ ಆಡುತ್ತದೆ ಎಂದು ತಿಳಿಯಬಹುದು.

ಇನ್ನು ಉಳಿದದ್ದು ಮೇಲಿನ ಅರ್ಧ. ಗಳಿಕೆಯನ್ನು ಇಡಿಯಾಗಿ ಫಂಡಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ, ಏಕೆಂದರೆ ಅದರಲ್ಲಿ ಒಂದು ಪಾಲು ಯಾವ ಅಪಾಯಕ್ಕೂ ಕೈಹಾಕದೆ ಸಿಗುತ್ತಿತ್ತು. ಸರ್ಕಾರದ ಅಲ್ಪಾವಧಿ ಸಾಲಪತ್ರ ಕೊಂಡು ಸುಮ್ಮನೆ ಕೂತವನಿಗೂ ಬಡ್ಡಿ ಬರುತ್ತದೆ. ಆ ಬಡ್ಡಿಯನ್ನು ಮೊದಲು ಕಳೆಯಬೇಕು. ಉಳಿದದ್ದು ಅಪಾಯ ಹೊತ್ತದ್ದಕ್ಕೆ ಸಿಕ್ಕ ಕೂಲಿ. ಆ ಕೂಲಿಯನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಶಾರ್ಪ್ ಅನುಪಾತ:

(ಸರಾಸರಿ ಗಳಿಕೆ − ಅಪಾಯವಿಲ್ಲದ ಬಡ್ಡಿ) ÷ ಮಾನಕ ವಿಚಲನೆ

ಶಾರ್ಪ್ ತಮ್ಮ ಲೆಕ್ಕದಲ್ಲಿ ಅಪಾಯವಿಲ್ಲದ ಬಡ್ಡಿಯನ್ನು ಶೇ 3 ಎಂದು ಹಿಡಿದರು. ಬೋಸ್ಟನ್ ಫಂಡಿಗೆ 12.4ರಲ್ಲಿ 3 ಕಳೆದು 9.4, ಅದನ್ನು 12.1ರಿಂದ ಭಾಗಿಸಿದರೆ 0.78. ಇನ್‌ಕಾರ್ಪೊರೇಟೆಡ್ ಇನ್ವೆಸ್ಟರ್ಸ್‌ಗೆ 14ರಲ್ಲಿ 3 ಕಳೆದು 11, ಅದನ್ನು 25.5ರಿಂದ ಭಾಗಿಸಿದರೆ 0.43. ಒಂದೊಂದು ಘಟಕ ಹೊಯ್ದಾಟಕ್ಕೆ ಮೊದಲನೆಯದು 78 ಪೈಸೆ ಕೂಲಿ ಕೊಟ್ಟಿತು, ಎರಡನೆಯದು 43 ಪೈಸೆ.

ಇಲ್ಲಿ ಒಬ್ಬ ಜಾಣ ಓದುಗ ತಕರಾರು ತೆಗೆಯಬಹುದು. ಭಾಗಾಕಾರ ಏನೇ ಹೇಳಲಿ, ಶೇ 14 ಶೇ 12.4ಕ್ಕಿಂತ ಹೆಚ್ಚೇ ಅಲ್ಲವೇ? ತನಗೆ ಹತ್ತು ವರ್ಷ ಹಣ ಬೇಕಾಗಿಲ್ಲ, ನಡುವೆ ಏರಿಳಿತವಾದರೆ ಆಗಲಿ ಎನ್ನುವವನಿಗೆ ಈ ಅನುಪಾತದಿಂದ ಏನಾಗಬೇಕು? ತಕರಾರು ನ್ಯಾಯವಾದದ್ದು. ಹೆಚ್ಚಿನ ವಿವರಣೆಗಳು ಇಲ್ಲಿಗೆ ಬಂದಾಗ 'ಅಪಾಯವೂ ಮುಖ್ಯ' ಎಂದು ತೇಲಿಸಿ ಮುಂದೆ ಹೋಗುತ್ತವೆ. ಆದರೆ ಅನುಪಾತದ ಜೀವ ಇರುವುದೇ ಈ ತಕರಾರಿನ ಉತ್ತರದಲ್ಲಿ.

ಹೂಡಿಕೆದಾರ ತನ್ನ ಹಣವನ್ನೆಲ್ಲ ಒಂದೇ ಫಂಡಿಗೆ ಸುರಿಯಬೇಕೆಂದಿಲ್ಲ. ಸ್ವಲ್ಪ ಫಂಡಿಗೆ, ಸ್ವಲ್ಪ ಸರ್ಕಾರಿ ಸಾಲಪತ್ರಕ್ಕೆ ಎಂದು ಬೆರೆಸಬಹುದು. ಹಾಲಿಗೆ ನೀರು ಬೆರೆಸಿದ ಹಾಗೆ, ಬೆರೆಸಿದಷ್ಟೂ ಹೊಯ್ದಾಟ ತೆಳುವಾಗುತ್ತದೆ. ಸಾಲಪತ್ರದ ಹೊಯ್ದಾಟ ಸೊನ್ನೆ ಎಂದುಕೊಂಡರೆ, ಅರ್ಧ ಹಣ ಫಂಡಿನಲ್ಲಿದ್ದರೆ ಮಾನಕ ವಿಚಲನೆಯೂ ಅರ್ಧ. ಈಗ ಇನ್‌ಕಾರ್ಪೊರೇಟೆಡ್ ಇನ್ವೆಸ್ಟರ್ಸ್‌ನ 25.5ನ್ನು ಬೋಸ್ಟನ್‌ನ 12.1ರ ಮಟ್ಟಕ್ಕೆ ಇಳಿಸೋಣ. 12.1 ಎಂಬುದು 25.5ರ ಶೇ 47.5ರಷ್ಟಾಗುತ್ತದೆ. ಹಾಗಾಗಿ 1,000 ಡಾಲರಿನಲ್ಲಿ 475ನ್ನು ಫಂಡಿಗೆ, 525ನ್ನು ಶೇ 3ರ ಸಾಲಪತ್ರಕ್ಕೆ ಹಾಕಬೇಕು. ಫಂಡಿನ ಪಾಲಿನಿಂದ ವರ್ಷಕ್ಕೆ 66 ಡಾಲರ್ 50 ಸೆಂಟ್, ಸಾಲಪತ್ರದಿಂದ 15 ಡಾಲರ್ 75 ಸೆಂಟ್, ಒಟ್ಟು ಸುಮಾರು 82 ಡಾಲರ್. ಅಷ್ಟೇ ಹೊಯ್ದಾಟಕ್ಕೆ ಬೋಸ್ಟನ್ ಫಂಡ್ ಕೊಟ್ಟದ್ದು 124 ಡಾಲರ್.

ಇದೇ ಲೆಕ್ಕವನ್ನು ತಿರುವಿ ಹಾಕಬಹುದು. ಹೊಯ್ದಾಟಕ್ಕೆ ಅಂಜದವನು ಶೇ 3ಕ್ಕೆ ಸಾಲ ತಂದು ಬೋಸ್ಟನ್ ಫಂಡಿಗೇ ಇನ್ನಷ್ಟು ಹಣ ಹಾಕಿದ್ದರೆ, 25.5ರ ಹೊಯ್ದಾಟ ಮುಟ್ಟುವಾಗ ಅವನ ಗಳಿಕೆ ಶೇ 22ನ್ನು ದಾಟುತ್ತಿತ್ತು. ಸರ್ಕಾರಕ್ಕೆ ಸಿಗುವ ಬಡ್ಡಿಗೆ ಸಾಮಾನ್ಯನಿಗೆ ಸಾಲ ಯಾರೂ ಕೊಡುವುದಿಲ್ಲ, ಆ ಮಾತು ಬೇರೆ. ಆದ್ದರಿಂದ ತಿರುಗುಮುರುಗು ಲೆಕ್ಕ ಕಾಗದದ ಮೇಲೆ ಹೊಳೆಯುವಷ್ಟು ಕೈಯಲ್ಲಿ ಹೊಳೆಯುವುದಿಲ್ಲ. ಮೊದಲನೆಯ ಲೆಕ್ಕಕ್ಕೆ ಮಾತ್ರ ಯಾವ ಸಾಲವೂ ಬೇಡ. ಬ್ಯಾಂಕ್ ಎಫ್‌ಡಿ ಗೊತ್ತಿರುವ ಯಾರಾದರೂ ಮಾಡಬಹುದು.

ಶಾರ್ಪ್ ಅವರ ಪಟ್ಟಿಗೆ ಇನ್ನೊಂದು ಹುಳಿ ಇತ್ತು. ಅದೇ ಹತ್ತು ವರ್ಷಕ್ಕೆ ಡೌ ಜೋನ್ಸ್ ಸೂಚ್ಯಂಕದ ಅನುಪಾತವನ್ನೂ ಅವರು ತೆಗೆದಿದ್ದರು: 0.667. 34 ಫಂಡ್‌ಗಳ ಸರಾಸರಿ 0.633. ಸೂಚ್ಯಂಕವನ್ನು ಮೀರಿಸಿದ ಫಂಡ್‌ಗಳು 11, ಅದಕ್ಕಿಂತ ಹಿಂದೆ ಬಿದ್ದವು 23. ಫಂಡ್‌ಗಳು ಷೇರು ಆರಿಸುವುದರಲ್ಲಿ ಎಡವಿದವು ಎಂದೇನೂ ಅವರು ತೀರ್ಮಾನಿಸಲಿಲ್ಲ. ನಿರ್ವಹಣೆಯ ಖರ್ಚು ಕಡಿಮೆ ಇದ್ದ ಫಂಡ್‌ಗಳು ಮೇಲೇರಿದ್ದು ಅವರ ಕಣ್ಣಿಗೆ ಬಿತ್ತು.

ನಮ್ಮಲ್ಲಿ ಫ್ಯಾಕ್ಟ್‌ಶೀಟ್ ತೆರೆದರೆ ಈ ಸಂಖ್ಯೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತು ಬೀಟಾ ಪಕ್ಕದಲ್ಲಿ ಸಿಗುತ್ತದೆ. ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಮಾತು ಇರುತ್ತವೆ: ಹಿಂದಿನ ಮೂರು ವರ್ಷಗಳ ಮಾಸಿಕ ಗಳಿಕೆಯಿಂದ ಲೆಕ್ಕ ಹಾಕಿದ್ದು, ಮತ್ತು ಅಪಾಯವಿಲ್ಲದ ಬಡ್ಡಿ ಎಂದು ಇಂಥ ದರ ಹಿಡಿದದ್ದು. ಆ ದರ ಹೆಚ್ಚಾಗಿ ಬ್ಯಾಂಕುಗಳು ಒಂದು ರಾತ್ರಿಯ ಮಟ್ಟಿಗೆ ಪರಸ್ಪರ ಕೊಡುವ ಸಾಲದ ಬಡ್ಡಿ, ಮೈಬರ್. ಮಾಸಿಕ ಲೆಕ್ಕವನ್ನು ವಾರ್ಷಿಕಕ್ಕೆ ಏರಿಸಲು ಒಂದು ವಾಡಿಕೆ ಇದೆ. ಗಳಿಕೆಯನ್ನು 12ರಿಂದ ಗುಣಿಸುತ್ತಾರೆ, ಮಾನಕ ವಿಚಲನೆಯನ್ನು 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ ಗುಣಿಸುತ್ತಾರೆ. ಹಾಗಾಗಿ ಮಾಸಿಕ ಅನುಪಾತ 0.2 ಇದ್ದರೆ ವಾರ್ಷಿಕ 0.69 ಆಗುತ್ತದೆ. ಒಂದು ಕಡೆ ಮಾಸಿಕ, ಇನ್ನೊಂದು ಕಡೆ ವಾರ್ಷಿಕ ಸಂಖ್ಯೆ ಇಟ್ಟು ಹೋಲಿಸಿದರೆ ಸೇರನ್ನು ಲೀಟರಿಗೆ ಹೋಲಿಸಿದಂತೆ.

ಹೊಂದಾಣಿಕೆ ಸರಿಯಾಗಿದ್ದರೂ ಮೂರು ವರ್ಷ ಎಂಬುದು ತೀರಾ ಕಡಿಮೆ ಅವಧಿ. ಎಷ್ಟು ಕಡಿಮೆ ಎಂಬುದಕ್ಕೆ ಒಂದು ಒರಟು ಸೂತ್ರ ಇದೆ: ವಾರ್ಷಿಕ ಅನುಪಾತದಲ್ಲಿ ಇರಬಹುದಾದ ಸಾಮಾನ್ಯ ತಪ್ಪು, ಒಂದನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿದಷ್ಟು. ಮೂರು ವರ್ಷಕ್ಕೆ ಅದು ಸುಮಾರು 0.58. ಅಂದರೆ ಫ್ಯಾಕ್ಟ್‌ಶೀಟ್ 0.7 ಎಂದು ತೋರಿಸಿದರೆ, ಫಂಡಿನ ನಿಜವಾದ ಗುಣ 0.1ರಿಂದ 1.3ರ ನಡುವೆ ಎಲ್ಲಾದರೂ ಇರಬಹುದು, ಅದರಾಚೆಗೂ ಇರಬಹುದು. ತಪ್ಪು 0.2ಕ್ಕೆ ಇಳಿಯಬೇಕೆಂದರೆ ಇಪ್ಪತ್ತೈದು ವರ್ಷ ಕಾಯಬೇಕು. ಅಷ್ಟರಲ್ಲಿ ಫಂಡ್ ಮ್ಯಾನೇಜರ್ ನಿವೃತ್ತರಾಗಿರುತ್ತಾರೆ. ಒಂದೇ ಪೇಟೆಯ ಎರಡು ಫಂಡ್‌ಗಳು ಜೊತೆಜೊತೆಗೇ ಏರಿ ಇಳಿಯುವುದರಿಂದ ಅವುಗಳ ನಡುವಿನ ವ್ಯತ್ಯಾಸ ಇದಕ್ಕಿಂತ ಸ್ವಲ್ಪ ಗಟ್ಟಿ, ಒಪ್ಪೋಣ. ಆದರೂ 0.72 ಇರುವುದು 0.65 ಇರುವುದಕ್ಕಿಂತ ಒಳ್ಳೆಯ ಫಂಡ್ ಎಂದು ಮೂರು ವರ್ಷದ ಬಲದ ಮೇಲೆ ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ಶಾರ್ಪ್ ಅವರ ಹತ್ತು ವರ್ಷದ ಪಟ್ಟಿಗೇ ಈ ಸೂತ್ರ ಹಾಕಿದರೆ ತಪ್ಪಿನ ಅಳತೆ 0.3ನ್ನು ಮೀರುತ್ತದೆ. ಅವರೂ ಇದನ್ನು ಬಲ್ಲವರೇ. ಹಿಂದಿನ ದಶಕದ, ಅಂದರೆ 1944ರಿಂದ 1953ರ ಸ್ಥಾನಗಳನ್ನು ಹೊಸ ಸ್ಥಾನಗಳ ಜೊತೆ ಅವರು ತೂಗಿ ನೋಡಿದ್ದರು. ಎರಡರ ನಡುವಿನ ನಂಟಿಗೆ ಬಂದ ಅಂಕ 0.36. ನಂಟು ಇದೆ ಎನ್ನಬಹುದು, ಅದನ್ನು ನಂಬಿ ಮನೆ ಕಟ್ಟುವಷ್ಟಿಲ್ಲ.

ಪೇಟೆ ಬಿದ್ದ ವರ್ಷಗಳಲ್ಲಿ ಈ ಅನುಪಾತ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಬಡ್ಡಿ ಶೇ 6 ಇದೆ ಎನ್ನೋಣ, ಎರಡು ಫಂಡ್‌ಗಳೂ ಶೇ 4ರಷ್ಟು ನಷ್ಟ ಮಾಡಿವೆ. ಒಂದರ ಹೊಯ್ದಾಟ 10, ಇನ್ನೊಂದರದು 20. ಎರಡಕ್ಕೂ ಮೇಲಿನ ಸಂಖ್ಯೆ ಋಣ 10. ಮೊದಲನೆಯದರ ಅನುಪಾತ ಋಣ 1, ಎರಡನೆಯದರದು ಋಣ 0.5. ಸಂಖ್ಯೆಯ ಪ್ರಕಾರ ಹೆಚ್ಚು ಹೊಯ್ದಾಡಿದ ಫಂಡೇ ಮೇಲು! ಇದು ಹುಚ್ಚು ಫಲಿತಾಂಶ. ಅನುಪಾತ ಸೊನ್ನೆಗಿಂತ ಕೆಳಗಿಳಿದರೆ ಅದರಿಂದ ಶ್ರೇಯಾಂಕ ಕಟ್ಟಬಾರದು. ಬಡ್ಡಿಯಷ್ಟೂ ಗಳಿಸಲಿಲ್ಲ ಎಂಬುದೊಂದನ್ನು ತಿಳಿದುಕೊಂಡು ಬಿಟ್ಟುಬಿಡಬೇಕು.

ಎಲ್ಲಕ್ಕಿಂತ ದೊಡ್ಡ ಮೋಸ ಬರುವುದು ಎತ್ತರದ ಅನುಪಾತದಿಂದ. ಛೇದದಲ್ಲಿ ಕೂತಿರುವುದು ಕಣ್ಣಿಗೆ ಕಂಡ ಹೊಯ್ದಾಟ. ಕಾಣದ ಅಪಾಯ ಅಲ್ಲಿಗೆ ಬರುವುದೇ ಇಲ್ಲ. ನ್ಯೂಯಾರ್ಕಿನ ಬರ್ನಾರ್ಡ್ ಮೇಡಾಫ್ ಬಳಿಗೆ ಹಣ ಸಾಗಿಸುತ್ತಿದ್ದ ಫೇರ್‌ಫೀಲ್ಡ್ ಸೆಂಟ್ರಿ ಎಂಬ ಫಂಡಿನ ಲೆಕ್ಕಪತ್ರ ಇದಕ್ಕೆ ಪಾಠದಂತಿದೆ. 1990ರ ಕೊನೆಯಿಂದ 2008ರವರೆಗೆ ಅದು ತೋರಿಸಿದ್ದು ವರ್ಷಕ್ಕೆ ಸುಮಾರು ಶೇ 10ರ ಗಳಿಕೆ. ಅಬ್ಬರದ ಗಳಿಕೆಯೇನಲ್ಲ. ಆದರೆ ಮಾನಕ ವಿಚಲನೆ ಶೇ 2.5ರ ಆಸುಪಾಸು. ಇನ್ನೂರಕ್ಕೂ ಹೆಚ್ಚು ತಿಂಗಳುಗಳಲ್ಲಿ ನಷ್ಟ ಕಂಡವು ಇಪ್ಪತ್ತಕ್ಕಿಂತ ಕಡಿಮೆ. ಆ ಕಾಲದ ಬಡ್ಡಿಯನ್ನು ಕಳೆದರೆ ಶಾರ್ಪ್ ಅನುಪಾತ ಸುಮಾರು 2.5 ಬರುತ್ತದೆ. ಅಮೆರಿಕದ ಷೇರುಪೇಟೆಯ ದೀರ್ಘಕಾಲದ ಅನುಪಾತ 0.4ರ ಹತ್ತಿರದ್ದು. ದೊಡ್ಡ ಕಂಪನಿಗಳ ಷೇರು ಕೊಂಡು ಅವುಗಳ ಮೇಲೆ ಆಪ್ಷನ್ ವ್ಯವಹಾರ ಮಾಡುತ್ತೇನೆ ಎನ್ನುವವನ ಕೈಯಲ್ಲಿ ಅದೇ ಪೇಟೆ ಆರು ಪಟ್ಟು ನಯವಾಗಿ ನಡೆಯುವುದು ಹೇಗೆ?

ಬೋಸ್ಟನ್ನಿನ ಹ್ಯಾರಿ ಮಾರ್ಕೊಪೊಲಸ್ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಮೇಡಾಫ್ ಹೇಳುವ ವಿಧಾನವನ್ನೇ ತಾವು ಕಾಗದದ ಮೇಲೆ ಮಾಡಿ ನೋಡಿ, ಅದರಿಂದ ಅಂಥ ನೇರ ಗೆರೆ ಮೂಡದು ಎಂದು 2000ದಲ್ಲೇ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ದೂರು ಕೊಟ್ಟರು. 2005ರಲ್ಲಿ ಮತ್ತೊಂದು ಉದ್ದನೆಯ ದೂರು ಬರೆದು, ಜಗತ್ತಿನ ಅತಿ ದೊಡ್ಡ ಹೆಜ್ ಫಂಡ್ ಒಂದು ವಂಚನೆ ಎಂದು ಅದರ ತಲೆಬರಹದಲ್ಲೇ ಹೇಳಿದರು. ಯಾರೂ ಕಿವಿಗೊಡಲಿಲ್ಲ. 2008ರ ಡಿಸೆಂಬರ್ 11ರಂದು ಮೇಡಾಫ್ ಬಂಧನವಾಯಿತು. ಷೇರು ವ್ಯವಹಾರ ನಡೆದೇ ಇರಲಿಲ್ಲ. ಹೊಸಬರ ಹಣದಿಂದ ಹಳಬರಿಗೆ ಕೊಡುತ್ತಿದ್ದರು. 2009ರಲ್ಲಿ ನ್ಯಾಯಾಲಯ 150 ವರ್ಷಗಳ ಶಿಕ್ಷೆ ವಿಧಿಸಿತು.

ಮೇಡಾಫ್‌ನದು ಕಳ್ಳ ಲೆಕ್ಕ. ಪ್ರಾಮಾಣಿಕ ಲೆಕ್ಕವೂ ನಯವಾಗಿ ಕಾಣಬಹುದು ಎಂಬುದು ಇನ್ನೂ ಸೂಕ್ಷ್ಮ. ದಿನವೂ ಕೈ ಬದಲಾಗುವ ಷೇರಿನ ಬೆಲೆಯನ್ನು ಪೇಟೆ ಹೇಳುತ್ತದೆ. ಅಪರೂಪಕ್ಕೆ ಮಾರಾಟವಾಗುವ ಕಂಪನಿ ಸಾಲಪತ್ರದ ಬೆಲೆಯನ್ನು ಅಂದಾಜಿನ ಸೂತ್ರದಿಂದ ಹೇಳಬೇಕಾಗುತ್ತದೆ. ಅಂದಾಜು ಮೆಲ್ಲಗೆ ಸರಿಯುತ್ತದೆ, ಈ ತಿಂಗಳ ಸಂಖ್ಯೆಯಲ್ಲಿ ಹಿಂದಿನ ತಿಂಗಳಿನ ನೆರಳು ಉಳಿದಿರುತ್ತದೆ. ಆಗ ಹೊಯ್ದಾಟ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ, ಮತ್ತು 3.46ರಿಂದ ಗುಣಿಸುವ ವಾಡಿಕೆಯೂ ತಪ್ಪುತ್ತದೆ. ಎಂಐಟಿಯ ಆ್ಯಂಡ್ರ್ಯೂ ಲೋ 2002ರಲ್ಲಿ ಬರೆದ ಪ್ರಬಂಧದ ಪ್ರಕಾರ, ಈ ಕಾರಣಕ್ಕೆ ಹೆಜ್ ಫಂಡ್‌ಗಳ ವಾರ್ಷಿಕ ಶಾರ್ಪ್ ಅನುಪಾತ ಶೇ 65ರವರೆಗೂ ಉಬ್ಬಿ ಕಾಣಬಹುದು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್‌ಟನ್ ತನ್ನ ಆರು ಸಾಲಪತ್ರ ಫಂಡ್‌ಗಳನ್ನು ಮುಚ್ಚಿತು. ಅವುಗಳಲ್ಲಿ ಇದ್ದದ್ದು ಸುಮಾರು 25,000 ಕೋಟಿ ರೂಪಾಯಿ. ಕೊರೊನಾ ಕಾಲದಲ್ಲಿ ಜನ ಹಣ ವಾಪಸ್ ಕೇಳತೊಡಗಿದಾಗ ಕೈಯಲ್ಲಿದ್ದ ಸಾಲಪತ್ರಗಳಿಗೆ ಕೊಳ್ಳುವವರು ಇರಲಿಲ್ಲ. ಹಣ ಮುಂದೆ ಕಂತುಗಳಲ್ಲಿ ವಾಪಸ್ ಬಂತು. ಆದರೆ ಬೇಕೆಂದ ದಿನ ಸಿಗದಿರುವ ಅಪಾಯವನ್ನು ಅಲ್ಲಿಯವರೆಗಿನ ಯಾವ ಮಾನಕ ವಿಚಲನೆಯೂ ಅಳೆದಿರಲಿಲ್ಲ.

ಹಾಗೆಂದು ಸಂಖ್ಯೆಯನ್ನು ಕಸದ ಬುಟ್ಟಿಗೆ ಹಾಕಬೇಕಾಗಿಲ್ಲ. ದಿನವೂ ಪೇಟೆಯಲ್ಲಿ ಬೆಲೆ ಕಟ್ಟುವ ಷೇರುಗಳ ಫಂಡ್‌ಗಳಲ್ಲಿ, ಒಂದೇ ವರ್ಗದೊಳಗೆ, ಒಂದೇ ಅವಧಿಗೆ ಹೋಲಿಸಿದಾಗ ಅದು ಹೇಳುವ ಮಾತಿಗೆ ತೂಕವಿದೆ. ದೊಡ್ಡ ಕಂಪನಿಗಳ ಫಂಡನ್ನು ಸಣ್ಣ ಕಂಪನಿಗಳ ಫಂಡಿನ ಜೊತೆಗೋ ಲಿಕ್ವಿಡ್ ಫಂಡಿನ ಜೊತೆಗೋ ಈ ತಕ್ಕಡಿಯಲ್ಲಿ ಇಡುವುದು ಬೇಡ. ಮುಂದಿನ ತಿಂಗಳು ಫ್ಯಾಕ್ಟ್‌ಶೀಟ್ ಬಂದಾಗ ಮೊದಲು ಅಡಿಟಿಪ್ಪಣಿ ಓದಿ, ಎಷ್ಟು ಬಡ್ಡಿ ಕಳೆದಿದ್ದಾರೆ ನೋಡಿ. ಶಾರ್ಪ್ ಡೌ ಜೋನ್ಸನ್ನು ಇಟ್ಟುಕೊಂಡ ಹಾಗೆ, ಅದೇ ವರ್ಗದ ಒಂದು ಸೂಚ್ಯಂಕ ಫಂಡಿನ ಅನುಪಾತವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ವರ್ಷಗಟ್ಟಲೆ 2ರ ಮೇಲೆ ನಿಂತ ಅನುಪಾತವನ್ನು ಯಾರಾದರೂ ಹೆಮ್ಮೆಯಿಂದ ತೋರಿಸಿದರೆ, ಹಣ ಹಾಕುವ ಮೊದಲು ಆ ಫಂಡ್ ಇಟ್ಟುಕೊಂಡಿರುವುದನ್ನು ನಾಳೆಯೇ ಮಾರಬೇಕಾದರೆ ಕೊಳ್ಳುವವರು ಯಾರು ಎಂದು ಕೇಳಿ.